ನಾಲ್ಕು ನಾರುಗಳ ಲೆಕ್ಕ: ಹತ್ತಿ, ಪಾಲಿಯೆಸ್ಟರ್, ವಿಸ್ಕೋಸ್, ಲಿನನ್

ಬಟ್ಟೆಯ ನಾರುಗಳಲ್ಲಿ ಯಾವುದು ಪರಿಸರಕ್ಕೆ ಹೆಚ್ಚು ಭಾರ ಎಂಬ ಪ್ರಶ್ನೆಗೆ ಕಳೆದ ಮೂರು ದಶಕಗಳಲ್ಲಿ ಬಂದಿರುವ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವು ಒಂದನ್ನೊಂದು ಅಲ್ಲಗಳೆಯುತ್ತವೆ. ನೀರನ್ನು ಅಳೆದವರಿಗೆ ಹತ್ತಿ ಅಪರಾಧಿಯಾಗಿ ಕಂಡಿದೆ. ಇಂಧನವನ್ನು ಅಳೆದವರಿಗೆ ಪಾಲಿಯೆಸ್ಟರ್. ಕಾರ್ಮಿಕರ ಆರೋಗ್ಯವನ್ನೂ ನದಿಯ ಮೀನನ್ನೂ ನೋಡಿದವರಿಗೆ ವಿಸ್ಕೋಸ್. ಲಿನನ್ ಮಾತ್ರ ಬಹುತೇಕ ಎಲ್ಲ ಪಟ್ಟಿಗಳಲ್ಲಿಯೂ ಸಜ್ಜನನಂತೆ ನಿಂತಿದೆಯಾದರೂ ಅದರ ಲೆಕ್ಕವೂ ಬಗೆಯುತ್ತ ಹೋದಂತೆ ಅಲುಗಾಡುತ್ತದೆ. ಅಳತೆಗಳು ತಪ್ಪಾಗಿವೆ ಎಂಬುದಕ್ಕಿಂತ, ಒಂದೊಂದು ಅಧ್ಯಯನವೂ ಲೆಕ್ಕದ ಗಡಿಯನ್ನು ಒಂದೊಂದು ಕಡೆ ಹಾಕಿಕೊಂಡಿರುವುದೇ ಈ ವೈರುಧ್ಯಕ್ಕೆ ಮುಖ್ಯ ಕಾರಣ. ಹೊಲದಲ್ಲಿ ಸುರಿದ ಮಳೆಯನ್ನು ಖರ್ಚಿಗೆ ಬರೆಯಬೇಕೋ ಬೇಡವೋ, ಮರವು ಹೀರಿಕೊಂಡ ಇಂಗಾಲವನ್ನು ಜಮೆಗೆ ಹಾಕಬೇಕೋ ಬೇಡವೋ ಎಂಬಂಥ ತೀರ್ಮಾನಗಳು ಫಲಿತಾಂಶವನ್ನು ಎರಡು ಮೂರು ಪಟ್ಟು ಹಿಗ್ಗಿಸಬಲ್ಲವು ಅಥವಾ ಕುಗ್ಗಿಸಬಲ್ಲವು.

ಪ್ರಶ್ನೆಯ ಗಾತ್ರವನ್ನು ತಿಳಿಯಲು ಒಂದೆರಡು ಅಂಕಿಗಳು ಸಾಕು. 2023ರಲ್ಲಿ ಜಗತ್ತು ತಯಾರಿಸಿದ ಎಲ್ಲ ಬಗೆಯ ನಾರಿನ ಮೊತ್ತ ಸುಮಾರು 12.4 ಕೋಟಿ ಟನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಎಂದರೆ ಶೇ. 57ರಷ್ಟು, ಪಾಲಿಯೆಸ್ಟರ್, ಹತ್ತಿ ಐದರಲ್ಲಿ ಒಂದು ಪಾಲು, ವಿಸ್ಕೋಸ್ ಮತ್ತು ಅದರ ದಾಯಾದಿ ನಾರುಗಳು ಶೇ. 6ರ ಸುತ್ತಮುತ್ತ, ಲಿನನ್ ಶೇ. 1ನ್ನೂ ಮುಟ್ಟುವುದಿಲ್ಲ.

ಅಳತೆಗೋಲು ಬಂದ ಬಗೆ

ಒಂದು ವಸ್ತುವಿನ ಹುಟ್ಟಿನಿಂದ ವಿಸರ್ಜನೆಯವರೆಗಿನ ಎಲ್ಲ ಹೊರೆಗಳನ್ನು ಕೂಡಿಸಿ ನೋಡುವ ವಿಧಾನಕ್ಕೆ ಜೀವನಚಕ್ರ ವಿಶ್ಲೇಷಣೆ ಎಂದು ಹೆಸರು. ಅದು ಆರಂಭವಾದದ್ದು ಬಟ್ಟೆಯಿಂದಲ್ಲ, ತಂಪು ಪಾನೀಯದ ಬಾಟಲಿಯಿಂದ: 1969ರಲ್ಲಿ ಕೋಕಾ-ಕೋಲಾ ಕಂಪನಿಯು ಅಮೆರಿಕದ ಮಿಡ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಿಂದ ಬೇರೆ ಬೇರೆ ಬಗೆಯ ಬಾಟಲಿಗಳನ್ನು ಹೋಲಿಸಿ ನೋಡಿಸಿತು. 1997ರಲ್ಲಿ ಐಎಸ್‌ಒ 14040 ಎಂಬ ಅಂತರರಾಷ್ಟ್ರೀಯ ಮಾನಕವು ಈ ವಿಧಾನಕ್ಕೆ ಚೌಕಟ್ಟು ಹಾಕಿಕೊಟ್ಟಿತು. ಬಟ್ಟೆಯ ವಿಷಯದಲ್ಲಿ ಬಹಳ ಕಾಲ ಉಲ್ಲೇಖಗೊಂಡ ಮೊದಲ ಅಧ್ಯಯನವೆಂದರೆ ಅಮೆರಿಕದ ಕೃತಕ ನಾರು ತಯಾರಕರ ಸಂಘಕ್ಕಾಗಿ ಫ್ರಾಂಕ್ಲಿನ್ ಅಸೋಸಿಯೇಟ್ಸ್ ಸಂಸ್ಥೆ 1993ರಲ್ಲಿ ನಡೆಸಿದ್ದು. ಪಾಲಿಯೆಸ್ಟರ್ ರವಿಕೆಯೊಂದರ ಒಟ್ಟು ಶಕ್ತಿವೆಚ್ಚದಲ್ಲಿ ಶೇ. 80ಕ್ಕೂ ಹೆಚ್ಚು ಒಗೆಯುವುದು, ಒಣಗಿಸುವುದರಲ್ಲಿಯೇ ಹೋಗುತ್ತದೆ ಎಂಬ ಅದರ ತೀರ್ಮಾನವು ನಾರು ತಯಾರಕರಿಗೆ ಹಿತವಾಗಿಯೇ ಇತ್ತೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅಧ್ಯಯನಕ್ಕೆ ಹಣ ಕೊಟ್ಟವರು ಯಾರು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಈ ಕ್ಷೇತ್ರದ ಬೆನ್ನು ಬಿಟ್ಟಿಲ್ಲ.

ಇದರ ಪಕ್ಕದಲ್ಲಿ ಬೆಳೆದ ಇನ್ನೊಂದು ಧಾರೆ ನೀರಿನದು. ಒಂದು ಸರಕಿನ ತಯಾರಿಕೆಯಲ್ಲಿ ಕಣ್ಣಿಗೆ ಕಾಣದೆ ವ್ಯಯವಾಗುವ ನೀರನ್ನು ಡಚ್ ವಿಜ್ಞಾನಿ ಆರ್ಯೆನ್ ಹೂಕ್‌ಸ್ಟ್ರ 2002ರಲ್ಲಿ ‘ಜಲ ಹೆಜ್ಜೆಗುರುತು’ ಎಂದು ಕರೆದರು. ಅವರೂ ಸಹೋದ್ಯೋಗಿಗಳೂ 2006ರಲ್ಲಿ ಪ್ರಕಟಿಸಿದ ಹತ್ತಿಯ ಲೆಕ್ಕವೇ, 250 ಗ್ರಾಂ ತೂಕದ ಒಂದು ಟೀ-ಶರ್ಟಿಗೆ ಸುಮಾರು 2,700 ಲೀಟರ್ ನೀರು ಎಂದು ಇಂದಿಗೂ ಎಲ್ಲೆಡೆ ಓಡಾಡುತ್ತಿರುವ ಮಾತಿನ ಮೂಲ.

ಹತ್ತಿ: ಯಾವ ನೀರನ್ನು ಎಣಿಸುವುದು?

ಹತ್ತಿಯ ಮೇಲಿನ ಆರೋಪಕ್ಕೆ ಗಟ್ಟಿಯಾದ ಆಧಾರವಿದೆ. ಸೋವಿಯತ್ ಆಡಳಿತವು 1960ರ ದಶಕದಿಂದ ಅಮು ದರ್ಯಾ ಮತ್ತು ಸಿರ್ ದರ್ಯಾ ನದಿಗಳನ್ನು ಮಧ್ಯ ಏಷ್ಯಾದ ಹತ್ತಿ ಹೊಲಗಳತ್ತ ತಿರುಗಿಸಿದ ಪರಿಣಾಮವಾಗಿ, ಆಗ ವಿಸ್ತೀರ್ಣದಲ್ಲಿ ಜಗತ್ತಿನ ನಾಲ್ಕನೆಯ ಒಳನಾಡ ಜಲರಾಶಿಯಾಗಿದ್ದ ಅರಲ್ ಸಮುದ್ರವು ಅರ್ಧ ಶತಮಾನದೊಳಗೆ ಹತ್ತನೆಯ ಒಂದು ಪಾಲಿಗೆ ಇಳಿಯಿತು. ಆದರೆ ಅರಲ್‌ನ ಹತ್ತಿಗೆ ನಿಜವಾದದ್ದು ಎಲ್ಲ ಹತ್ತಿಗೂ ನಿಜವೇ ಎಂಬುದು ಬೇರೆಯ ಪ್ರಶ್ನೆ. ಅದನ್ನು ಬಿಡಿಸಲು ಜಲ ಹೆಜ್ಜೆಗುರುತಿನ ಲೆಕ್ಕ ನಡೆಯುವ ಬಗೆಯನ್ನು ನೋಡಬೇಕು.

ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ 10,000 ಲೀಟರ್ ನೀರು. ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಮಳೆಯನ್ನೇ ನಂಬಿ ಬೆಳೆದ ಹತ್ತಿಯು ತನ್ನ ಬಾಳಿನುದ್ದಕ್ಕೂ 600 ಮಿಲಿಮೀಟರಿನಷ್ಟು ನೀರನ್ನು ಆವಿಯಾಗಿ ಹೊರಬಿಟ್ಟಿತೆಂದೂ, ಜಿನ್ನಿಂಗ್ ಆಗಿ ಕಾಳು ಬೇರ್ಪಟ್ಟ ಬಳಿಕ 450 ಕಿಲೊ ಅರಳೆ ಸಿಕ್ಕಿತೆಂದೂ ಉದಾಹರಣೆಗಾಗಿ ಇಟ್ಟುಕೊಂಡರೆ, ಅರುವತ್ತು ಲಕ್ಷ ಲೀಟರನ್ನು 450ರಿಂದ ಭಾಗಿಸಿದಾಗ ಕಿಲೊ ಅರಳೆಗೆ 13,300 ಲೀಟರ್ ಬರುತ್ತದೆ. ಅದೇ ಹತ್ತಿಯನ್ನು ನೀರಾವರಿಯಲ್ಲಿ ಬೆಳೆದು, 750 ಮಿಲಿಮೀಟರ್ ಖರ್ಚಾಗಿ, ಅದರಲ್ಲಿ 350 ಮಿಲಿಮೀಟರ್ ಕಾಲುವೆಯಿಂದಲೋ ಕೊಳವೆ ಬಾವಿಯಿಂದಲೋ ಬಂದದ್ದಾಗಿ, ಇಳುವರಿ ಇಮ್ಮಡಿಯಾಗಿ 900 ಕಿಲೊ ಆಯಿತೆಂದುಕೊಂಡರೆ ಕಿಲೊಗೆ ಬರುವುದು ಕೇವಲ 8,300 ಲೀಟರ್. ಒಟ್ಟು ನೀರನ್ನು ನೋಡಿದರೆ ನೀರಾವರಿಯ ಹತ್ತಿಯೇ ಮಿತವ್ಯಯಿ. ಆದರೆ ನದಿಯಿಂದ, ಅಂತರ್ಜಲದಿಂದ ತೆಗೆದ ನೀರನ್ನಷ್ಟೇ ಎಣಿಸಿದರೆ ನೀರಾವರಿಯ ಹತ್ತಿಗೆ ಕಿಲೊಗೆ 3,900 ಲೀಟರ್ ಬೀಳುತ್ತದೆ, ಮಳೆಯಾಶ್ರಿತ ಹತ್ತಿಗೆ ಸೊನ್ನೆ. ಹೂಕ್‌ಸ್ಟ್ರ ಅವರೇ ಮಳೆ ನೀರನ್ನು ‘ಹಸಿರು’ ಎಂದೂ, ನದಿ ಮತ್ತು ಅಂತರ್ಜಲವನ್ನು ‘ನೀಲಿ’ ಎಂದೂ ಬೇರೆ ಮಾಡಿ ಕೊಟ್ಟಿದ್ದರು. ಪತ್ರಿಕೆಗಳ ಶೀರ್ಷಿಕೆಗೆ ಬರುವ ಹೊತ್ತಿಗೆ ಬಣ್ಣಗಳು ಅಳಿಸಿಹೋಗಿ ಮೊತ್ತವೊಂದೇ ಉಳಿಯಿತು.

ಭಾರತದ ಹತ್ತಿಯು ಜಾಗತಿಕ ಸರಾಸರಿಗಿಂತ ಎರಡು ಪಟ್ಟು ನೀರು ಕುಡಿಯುತ್ತದೆ ಎಂಬ ಪ್ರಸಿದ್ಧ ಮಾತಿನ ಒಳಗುಟ್ಟೂ ಇದೇ ಆಗಿದೆ. ದೇಶದ ಹತ್ತಿ ಭೂಮಿಯಲ್ಲಿ ಸುಮಾರು ಮೂರನೆಯ ಎರಡು ಭಾಗ ಮಳೆಯಾಶ್ರಿತವಾದ್ದರಿಂದ ಇಳುವರಿ ಕಡಿಮೆ. ಭಾಜಕ ಚಿಕ್ಕದಾದಷ್ಟೂ ಭಾಗಲಬ್ಧ ದೊಡ್ಡದಾಗುತ್ತದೆ. ಹತ್ತಿ ಇಲ್ಲದಿದ್ದರೆ ಅದೇ ಎರೆಯಲ್ಲಿ ಜೋಳವೋ ಕಡಲೆಯೋ ನಿಂತು ಅದೇ ಮಳೆಯನ್ನು ಹೀರುತ್ತಿತ್ತು ಎಂಬುದನ್ನು ಈ ಲೆಕ್ಕ ಕೇಳುವುದಿಲ್ಲ. ಅಂತರರಾಷ್ಟ್ರೀಯ ಹತ್ತಿ ಸಲಹಾ ಸಮಿತಿಯು ನೀರಾವರಿ ನೀರನ್ನು ಮಾತ್ರ ಹಿಡಿದು ಕೊಟ್ಟಿರುವ ಜಾಗತಿಕ ಸರಾಸರಿ ಕಿಲೊ ಅರಳೆಗೆ 1,931 ಲೀಟರ್. ಜನಪ್ರಿಯ ಬರಹಗಳಲ್ಲಿ ಕಾಣುವ 20,000 ಲೀಟರಿಗೂ ಇದಕ್ಕೂ ಹತ್ತು ಪಟ್ಟಿನ ಅಂತರವಿದೆ. ಈ ಸಮಿತಿಯೂ ಹತ್ತಿ ಬೆಳೆಯುವ ಮತ್ತು ಬಳಸುವ ದೇಶಗಳದ್ದೇ ಆದ ಸಂಸ್ಥೆ ಎಂಬುದನ್ನು ಓದುಗರು ಮರೆಯಬೇಕಾಗಿಲ್ಲ. ಸರಾಸರಿಯೆಂಬುದೇ ಇಲ್ಲಿ ದುರ್ಬಲ ಉಪಕರಣ: ಒಣಗುತ್ತಿರುವ ನದಿಯ ದಂಡೆಯ ಸಾವಿರ ಲೀಟರಿಗೂ ಮಳೆ ತುಂಬಿದ ನಾಡಿನ ಸಾವಿರ ಲೀಟರಿಗೂ ಒಂದೇ ಬೆಲೆ ಕಟ್ಟಲಾಗದು.

ಕೀಟನಾಶಕದ ವಿಷಯದಲ್ಲಿಯೂ ಹಳೆಯ ಅಂಕಿಗಳು ಆಯುಸ್ಸು ಮೀರಿ ಬದುಕಿವೆ. ಜಗತ್ತಿನ ಕೃಷಿಭೂಮಿಯ ಸುಮಾರು ಶೇ. 2.5ರಲ್ಲಿ ಬೆಳೆಯುವ ಹತ್ತಿಯು ಕೀಟನಾಶಕಗಳ ಕಾಲು ಭಾಗವನ್ನು ನುಂಗುತ್ತದೆ ಎಂಬುದು ಕಳೆದ ಶತಮಾನದ ಮಾತು. ಇತ್ತೀಚಿನ ಅಂದಾಜುಗಳು ಅದನ್ನು ಶೇ. 10ರ ಆಸುಪಾಸಿಗೆ ತರುತ್ತವೆ. ಇಳಿಕೆಗೆ ಬಿಟಿ ಹತ್ತಿಯೇ ಕಾರಣವೆಂಬ ವಾದವನ್ನೂ ಎಚ್ಚರದಿಂದ ಒಪ್ಪಬೇಕಾಗುತ್ತದೆ. ಭಾರತದಲ್ಲಿ 2002ರಲ್ಲಿ ಅನುಮತಿ ಪಡೆದ ಬಿಟಿ ತಳಿಗಳು ಕಾಯಿಕೊರಕಕ್ಕೆ ಹೊಡೆಯುವ ಔಷಧಿಯನ್ನು ಮೊದಮೊದಲು ತಗ್ಗಿಸಿದವು. ಆಮೇಲೆ ರಸ ಹೀರುವ ಕೀಟಗಳು ಹೆಚ್ಚಿ, ಗುಲಾಬಿ ಕಾಯಿಕೊರಕವು ಬಿಟಿ ವಿಷಕ್ಕೆ ಒಗ್ಗಿಕೊಂಡು, ರೈತರ ಔಷಧಿ ಖರ್ಚು ಬಿಟಿಗಿಂತ ಹಿಂದಿನ ಮಟ್ಟವನ್ನೂ ದಾಟಿತೆಂದು ಕೃಷಿ ವಿಜ್ಞಾನಿ ಕೆ. ಆರ್. ಕ್ರಾಂತಿ ಮತ್ತು ಮಾನವಶಾಸ್ತ್ರಜ್ಞ ಗ್ಲೆನ್ ಸ್ಟೋನ್ 2020ರಲ್ಲಿ ತೋರಿಸಿದರು.

ಪಾಲಿಯೆಸ್ಟರ್: ಹೊಲವಿಲ್ಲದ ನಾರು

ಪಾಲಿಯೆಸ್ಟರನ್ನು 1941ರಲ್ಲಿ ಇಂಗ್ಲೆಂಡಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್ನಿನ ಪ್ರಯೋಗಾಲಯದಲ್ಲಿ ಜಾನ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಡಿಕ್‌ಸನ್ ಕಂಡುಹಿಡಿದರು. ಕಚ್ಚಾ ತೈಲದಿಂದ ಬರುವ ಪ್ಯಾರಾಕ್ಸೈಲೀನನ್ನು ಟೆರೆಫ್ತಾಲಿಕ್ ಆಮ್ಲವನ್ನಾಗಿಸಿ, ಅದನ್ನು ಎಥಿಲೀನ್ ಗ್ಲೈಕಾಲ್ ಜೊತೆ 280 ಡಿಗ್ರಿಯ ಸುಮಾರಿನಲ್ಲಿ ಬೆಸೆದಾಗ ಸಿಗುವ ಕರಗಿದ ಪ್ಲಾಸ್ಟಿಕ್ಕನ್ನು ಸಣ್ಣ ರಂಧ್ರಗಳ ಮೂಲಕ ಒತ್ತಿ ಎಳೆದರೆ ಎಳೆ ಸಿದ್ಧ. ಬಾಟಲಿಯ ಪ್ಲಾಸ್ಟಿಕ್ಕೂ ಇದೇ ವಸ್ತು. ಬಿತ್ತನೆಯಿಲ್ಲ, ನೀರಾವರಿಯಿಲ್ಲ, ಕೀಟನಾಶಕವಿಲ್ಲ. ಭೂಮಿ ಮತ್ತು ನೀರಿನ ಪಟ್ಟಿಗಳಲ್ಲಿ ಅದು ಅಗ್ರಸ್ಥಾನ ಪಡೆಯುವುದು ಸಹಜ.

ಇಂಧನದ ಪಟ್ಟಿಗೆ ಬಂದರೆ ಚಿತ್ರ ತಿರುಗುತ್ತದೆ. ನೆದರ್ಲೆಂಡ್ಸಿನ ಉಟ್ರೆಖ್ಟ್ ವಿಶ್ವವಿದ್ಯಾಲಯದ ಲಿ ಶೆನ್, ಅರ್ನ್‌ಸ್ಟ್ ವೊರೆಲ್ ಮತ್ತು ಮಾರ್ಟಿನ್ ಪಟೇಲ್ 2010ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಒಂದು ಕಿಲೊ ಪಾಲಿಯೆಸ್ಟರ್ ನಾರಿಗೆ ಸುಮಾರು 95 ಮೆಗಾಜೂಲ್ ನವೀಕರಿಸಲಾಗದ ಶಕ್ತಿ ಬೇಕಾದರೆ ಹತ್ತಿಗೆ 36 ಸಾಕಾಗುತ್ತದೆ. ಹೋಲಿಕೆಗಾಗಿ ಹೇಳುವುದಾದರೆ ಒಂದು ಲೀಟರ್ ಡೀಸೆಲ್ಲಿನಲ್ಲಿ ಇರುವುದು 36 ಮೆಗಾಜೂಲಿನಷ್ಟು. ಪಾಲಿಯೆಸ್ಟರಿನ 95ರಲ್ಲಿ ಗಣನೀಯ ಪಾಲು ಉರಿದುಹೋದದ್ದಲ್ಲ, ಕಚ್ಚಾವಸ್ತುವಾಗಿ ನಾರಿನೊಳಗೇ ಸೇರಿಕೊಂಡ ತೈಲ. ಅದು ಹೊಗೆಯಾಗುವುದು ಬಟ್ಟೆಯನ್ನು ಸುಟ್ಟಾಗ ಮಾತ್ರ. ಹತ್ತಿಯ ಬದಿಗೂ ಒಂದು ಅಡಗಿದ ಖರ್ಚಿದೆ. ಹೊಲಕ್ಕೆ ಹಾಕಿದ ಯೂರಿಯಾದ ಒಂದಂಶ ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಏರುತ್ತದೆ. ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿ ಹಿಡಿಯುವ ಈ ಅನಿಲವು ಇಂಧನದ ಲೆಕ್ಕದಲ್ಲಿ ಕಾಣಿಸಿಕೊಳ್ಳದೆ ಹವಾಮಾನದ ಲೆಕ್ಕದಲ್ಲಿ ದಿಢೀರನೆ ಎದುರಾಗುತ್ತದೆ.

ಮರುಬಳಕೆಯ ಪಾಲಿಯೆಸ್ಟರ್ ಈ ಹೊರೆಯನ್ನು ಇಳಿಸುತ್ತದೆ ಎಂಬುದು ನಿಜವಾದರೂ, ಆ ಹೆಸರಿನಲ್ಲಿ ಮಾರಾಟವಾಗುವ ನಾರೆಲ್ಲವೂ ಹೆಚ್ಚುಕಡಿಮೆ ಹಳೆಯ ಬಾಟಲಿಗಳಿಂದ ಬಂದದ್ದೇ ಹೊರತು ಹಳೆಯ ಬಟ್ಟೆಯಿಂದಲ್ಲ. ಬಾಟಲಿಯು ಮತ್ತೆ ಬಾಟಲಿಯಾಗಿ ಹಲವು ಸುತ್ತು ತಿರುಗಬಲ್ಲದಾಗಿದ್ದರೂ ಅಂಗಿಯಾದ ಮೇಲೆ, ಅದರಲ್ಲಿಯೂ ಹತ್ತಿಯೊಡನೆ ಬೆರೆತ ಮೇಲೆ, ಬಹುಪಾಲು ಅಲ್ಲಿಗೇ ನಿಲ್ಲುತ್ತದೆ.

ವಿಸ್ಕೋಸ್: ಮರ, ಗಂಧಕ ಮತ್ತು ತುಂಗಭದ್ರೆ

ರೇಯಾನ್ ಎಂಬ ಹೆಸರಿನಿಂದ ಹೆಚ್ಚು ಪರಿಚಿತವಾದ ವಿಸ್ಕೋಸನ್ನು ನೈಸರ್ಗಿಕವೆನ್ನಬೇಕೋ ಕೃತಕವೆನ್ನಬೇಕೋ ಎಂಬ ಗೊಂದಲ ಅದರ ಹುಟ್ಟಿನಲ್ಲಿಯೇ ಇದೆ. ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡಲ್ 1892ರಲ್ಲಿ ಹಕ್ಕುಪತ್ರ ಪಡೆದ ಈ ವಿಧಾನವು ಮರದಲ್ಲಿರುವ ಸೆಲ್ಯುಲೋಸನ್ನು ಕರಗಿಸಿ ಮತ್ತೆ ನಾರಾಗಿ ಹೆಪ್ಪುಗಟ್ಟಿಸುತ್ತದೆ. ಮರದಿಂದ ಬೇರ್ಪಡಿಸಿದ ತಿಳಿ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಹಿಂಡಿ, ಚೂರು ಮಾಡಿ, ಕೆಲಕಾಲ ಮಾಗಿಸಿದ ಬಳಿಕ ಅದಕ್ಕೆ ಕಾರ್ಬನ್ ಡೈಸಲ್ಫೈಡ್ ಎಂಬ ದ್ರವವನ್ನು ಸೇರಿಸಲಾಗುತ್ತದೆ. ಆಗ ಸಿಗುವ ಕಿತ್ತಳೆ ಬಣ್ಣದ ವಸ್ತುವನ್ನು ತೆಳು ಸೋಡಾದಲ್ಲಿ ಕರಗಿಸಿದರೆ ಜೇನಿನಂತೆ ಅಂಟಂಟಾದ ದ್ರಾವಣವಾಗುತ್ತದೆ. ಅದನ್ನು ಸೂಕ್ಷ್ಮ ರಂಧ್ರಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಬಿಟ್ಟಾಗ ಎಳೆ ಮೂಡುತ್ತದೆ, ಮತ್ತು ಅದುವರೆಗೆ ಹಿಡಿದಿಟ್ಟಿದ್ದ ಕಾರ್ಬನ್ ಡೈಸಲ್ಫೈಡ್ ಹಾಗೂ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತವೆ. ನೂರು ಕಿಲೊ ಸೆಲ್ಯುಲೋಸಿಗೆ ಸುಮಾರು ಮೂವತ್ತು ಕಿಲೊ ಕಾರ್ಬನ್ ಡೈಸಲ್ಫೈಡ್ ಬೇಕು. ಅದು ಸಿದ್ಧ ಬಟ್ಟೆಯಲ್ಲಿ ಉಳಿಯುವುದಿಲ್ಲ. ಉಟ್ಟವರಿಗೆ ತಟ್ಟದ ಆ ವಿಷ ನೇಯುವುದಕ್ಕೂ ಮೊದಲೇ ಕಾರ್ಮಿಕರ ನರಗಳಿಗೂ ಹೃದಯಕ್ಕೂ ತಟ್ಟಿರುತ್ತದೆ. ನೂರು ವರ್ಷಗಳಿಗೂ ಮೀರಿದ ಈ ವೃತ್ತಿರೋಗದ ಚರಿತ್ರೆಯನ್ನು ವೈದ್ಯ ಪಾಲ್ ಬ್ಲಾಂಕ್ 2016ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ.

ಆದ್ದರಿಂದ ವಿಸ್ಕೋಸಿನ ಲೆಕ್ಕ ನಿಲ್ಲುವುದು ಎರಡು ಸಂಗತಿಗಳ ಮೇಲೆ: ಅನಿಲವನ್ನು ಹಿಡಿದು ಮರಳಿ ಬಳಸುವ ವ್ಯವಸ್ಥೆ ಇದೆಯೇ, ಮರ ಎಲ್ಲಿಂದ ಬರುತ್ತದೆ. ಉಟ್ರೆಖ್ಟಿನ ಅಧ್ಯಯನದ ಅತಿ ಮುಖ್ಯ ಫಲಿತಾಂಶವೂ ಇಲ್ಲಿಯೇ ಇದೆ. ಆಸ್ಟ್ರಿಯಾದಲ್ಲಿ ತಿರುಳು ಮತ್ತು ನಾರು ಒಂದೇ ಆವರಣದಲ್ಲಿ ತಯಾರಾಗಿ, ತಿರುಳು ತೆಗೆದುಳಿದ ಮರದ ಅಂಶವೇ ಉರುವಲಾಗುವ ಕಾರ್ಖಾನೆಯ ವಿಸ್ಕೋಸಿಗೆ ಕಿಲೊಗೆ 19 ಮೆಗಾಜೂಲ್ ಸಾಕಾದರೆ, ತಿರುಳನ್ನು ದೂರದಿಂದ ತರಿಸಿಕೊಂಡು ಹೊರಗಿನ ಇಂಧನ ಉರಿಸುವ ಏಷ್ಯಾದ ಕಾರ್ಖಾನೆಯದಕ್ಕೆ 61 ಬೇಕಾಯಿತು. ಅದೇ ನಾರು, ಅದೇ ರಸಾಯನಶಾಸ್ತ್ರ, ಮೂರು ಪಟ್ಟು ಅಂತರ. ಒಂದು ಹತ್ತಿಗಿಂತ ಅಗ್ಗ, ಇನ್ನೊಂದು ಹತ್ತಿಗಿಂತ ದುಬಾರಿ. ಈ ಲೆಕ್ಕಕ್ಕೆ ಅಂಕಿಅಂಶ ಒದಗಿಸಿದ್ದು ನಾರು ತಯಾರಿಸುವ ಲೆನ್ಜಿಂಗ್ ಕಂಪನಿಯೇ ಆದರೂ ತನ್ನ ಎರಡು ಕಡೆಯ ವಿಸ್ಕೋಸ್‌ಗಳ ನಡುವಿನ ಈ ಕಂದರವನ್ನು ಅದು ಮುಚ್ಚಿಡಲಿಲ್ಲವೆಂಬುದು ಗಮನಾರ್ಹ. ಗಂಧಕದ ಗೊಡವೆಯೇ ಇಲ್ಲದೆ ಸೆಲ್ಯುಲೋಸನ್ನು ನೇರವಾಗಿ ಕರಗಿಸಿ, ದ್ರಾವಕದ ಶೇ. 99ಕ್ಕೂ ಹೆಚ್ಚು ಭಾಗವನ್ನು ಮರಳಿ ಪಡೆಯುವ ಲಯೋಸೆಲ್ ಎಂಬ ದಾಯಾದಿ ನಾರು ಈಗ ಬೆಳೆಯುತ್ತಿದೆ.

ಮರದ ಪ್ರಶ್ನೆಯನ್ನು ಕರ್ನಾಟಕವು ಅಂಕಿಗಳ ಭಾಷೆಗಿಂತ ಮೊದಲೇ, ಹೋರಾಟದ ಭಾಷೆಯಲ್ಲಿ ಎತ್ತಿತ್ತು. ಹರಿಹರದ ಎದುರು, ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ನಡೆದುಬಂದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ರೇಯಾನಿಗೆ ಬೇಕಾದ ತಿರುಳನ್ನು ತಯಾರಿಸುತ್ತಿತ್ತು. ಹೆಸರಿನಲ್ಲಿ ‘ಪಾಲಿ’ ಇದ್ದರೂ ಅದರ ಕಚ್ಚಾವಸ್ತು ಮರವೇ. ಅದಕ್ಕೆ ನೀಲಗಿರಿ ಒದಗಿಸುವ ಸಲುವಾಗಿ 1984ರಲ್ಲಿ ರಾಜ್ಯ ಸರ್ಕಾರ ಮತ್ತು ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿ, ಹಳ್ಳಿಗರು ದನ ಮೇಯಿಸಲು, ಸೌದೆ ತರಲು ನಂಬಿಕೊಂಡಿದ್ದ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ಗೊತ್ತುಮಾಡಿದವು. ನದಿಯ ಮಾಲಿನ್ಯದ ವಿರುದ್ಧ ಆಗಲೇ ದನಿಯೆತ್ತಿದ್ದ ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠರ ನೇತೃತ್ವದಲ್ಲಿ ಇದನ್ನು ಎದುರಿಸಿತು. ಶಿವರಾಮ ಕಾರಂತರು ಅರ್ಜಿದಾರರಾಗಿದ್ದ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹದಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ಹಳ್ಳಿಗೆ ಒದಗುವ ಗಿಡಗಳನ್ನು ಹಚ್ಚಿದರು. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು.

ಇಡೀ ಚರ್ಚೆಯಲ್ಲಿ ಈ ಪ್ರಸಂಗಕ್ಕೆ ವಿಶೇಷ ಸ್ಥಾನವಿದೆ. ಒಂದು ಕಿಲೊ ವಿಸ್ಕೋಸಿಗೆ ಸುಮಾರು ಎರಡೂವರೆಯಿಂದ ಮೂರು ಕಿಲೊ ಒಣ ಮರ ಬೇಕು, ಅದಕ್ಕೆ ಇಷ್ಟು ಚದರ ಮೀಟರ್ ಭೂಮಿ ಬೇಕು ಎಂಬಲ್ಲಿಗೆ ಜೀವನಚಕ್ರ ವಿಶ್ಲೇಷಣೆ ನಿಲ್ಲುತ್ತದೆ. ನೀಲಗಿರಿ ಬೆಳೆದ ಭೂಮಿ ಪಾಳು ಎಂದು ದಾಖಲಾಗಿದ್ದರೆ ಅದರ ಮೇಲಿನ ಹೊರೆ ಕಡಿಮೆಯೆಂದೂ ತೋರಬಹುದು. ಕಾಗದದ ಮೇಲಿನ ಪಾಳು ಯಾರದ್ದೋ ಹುಲ್ಲುಗಾವಲು ಎಂಬುದು ಚದರ ಮೀಟರಿನ ಕಣ್ಣಿಗೆ ಬೀಳುವುದಿಲ್ಲ.

ಲಿನನ್: ಅಗಸೆಯ ನಾರು

ಲಿನನ್ ಎಂದರೆ ಅಗಸೆ ಗಿಡದ ತೊಗಟೆಯ ನಾರು. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೂ ಎಣ್ಣೆಗೂ ಬೆಳೆಯುವ ಗಿಡ್ಡ, ಕವಲೊಡೆಯುವ ಅಗಸೆಯು ಬೀಜದ ತಳಿ. ನಾರಿನ ಅಗಸೆ ಎತ್ತರಕ್ಕೆ ನೆಟ್ಟಗೆ ಬೆಳೆಯುವಂಥದ್ದು. ಬಟ್ಟೆಗೆ ಬೇಕಾದ ಉದ್ದ ನಾರಿನ ಬಹುಪಾಲು ಫ್ರಾನ್ಸಿನ ನಾರ್ಮಂಡಿಯಿಂದ ಬೆಲ್ಜಿಯಂ, ನೆದರ್ಲೆಂಡ್ಸಿನವರೆಗಿನ ಕಡಲ ಪಟ್ಟಿಯಿಂದಲೇ ಬರುತ್ತದೆ. ಸುಮಾರು ನೂರು ದಿನಗಳಲ್ಲಿ ಮಾಗುವ ಈ ಬೆಳೆಗೆ ಅಲ್ಲಿ ನೀರಾವರಿ ಬಹುತೇಕ ಬೇಡ, ಗೊಬ್ಬರವೂ ಕಡಿಮೆ. ಸಾರಜನಕ ಹೆಚ್ಚಾದರೆ ಗಿಡ ಬಾಗಿ ಬಿದ್ದು ನಾರು ಕೆಡುವುದರಿಂದ ರೈತನೇ ಕೈ ಹಿಡಿಯುತ್ತಾನೆ.

ನಾರನ್ನು ಕಡ್ಡಿಯಿಂದ ಬಿಡಿಸಲು ಗಿಡವನ್ನು ಕೊಳೆಸಬೇಕು. ಪುಂಡಿಯನ್ನೂ ಸೆಣಬನ್ನೂ ಕೆರೆಯಲ್ಲಿ ಕೊಳೆಹಾಕಿದಂತೆಯೇ ಇದು. ಹಿಂದೆ ಬೆಲ್ಜಿಯಂನ ಲೀ ನದಿಯಲ್ಲಿ ಕಟ್ಟುಗಳನ್ನು ಮುಳುಗಿಸಿ ಕೊಳೆಸುತ್ತಿದ್ದುದರಿಂದ ಆ ನದಿಯೇ ನಾರುತ್ತಿತ್ತು. ಇಂದು ಕಿತ್ತ ಗಿಡವನ್ನು ಹೊಲದಲ್ಲಿಯೇ ಹರಡಿ ಇಬ್ಬನಿ ಮತ್ತು ಶಿಲೀಂಧ್ರಗಳಿಂದ ಕೊಳೆಸುವುದೇ ರೂಢಿ. ಮಾಲಿನ್ಯ ತಪ್ಪಿತು, ಆದರೆ ಹದವು ಹವೆಯ ಕೈಗೆ ಹೋಯಿತು. ಮಳೆ ಹೆಚ್ಚಾದರೆ ನಾರೇ ಕೊಳೆಯುತ್ತದೆ, ಒಣ ಹವೆಯಿದ್ದರೆ ನಾರು ಬಿಡುವುದಿಲ್ಲ.

ಲಿನನ್ ಲೆಕ್ಕದ ತೊಡಕು ಹಂಚಿಕೆಯಲ್ಲಿದೆ. ಕೊಳೆತ ಗಿಡ ನೂರು ಕಿಲೊ ಇದ್ದರೆ ಅದರಿಂದ ಅಂದಾಜು 20 ಕಿಲೊ ಉದ್ದ ನಾರು, 12 ಕಿಲೊ ಗಿಡ್ಡ ನಾರು, 50 ಕಿಲೊ ಕಡ್ಡಿಚೂರು ಸಿಗುತ್ತವೆ, ಉಳಿದದ್ದು ಬೀಜ ಮತ್ತು ದೂಳು. ಹೊಲದ ಹೊರೆಯನ್ನು ತೂಕದ ಪ್ರಕಾರ ಹಂಚಿದರೆ ಉದ್ದ ನಾರಿನ ಪಾಲಿಗೆ ಕಾಲು ಭಾಗವೂ ಬರುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಹೊರೆ ಕುದುರೆ ಲಾಯಕ್ಕೂ ಹಲಗೆ ಕಾರ್ಖಾನೆಗೂ ಹೋಗುವ ಕಡ್ಡಿಚೂರಿನ ತಲೆಗೆ ಬೀಳುತ್ತದೆ. ಬೆಲೆಯ ಪ್ರಕಾರ ಹಂಚಿದರೆ ಆದಾಯದ ಬಹುಪಾಲು ತರುವ ಉದ್ದ ನಾರೇ ಹೊರೆಯ ಬಹುಪಾಲನ್ನೂ ಹೊರಬೇಕು. ಒಂದೇ ಹೊಲದ ಒಂದೇ ಗಿಡದ ಲಿನನ್ ಈ ತೀರ್ಮಾನವೊಂದರಿಂದಲೇ ಮೂರು ಪಟ್ಟು ಹಗುರವೋ ಭಾರವೋ ಆಗುತ್ತದೆ. ಹತ್ತಿಕಾಳಿನ ಎಣ್ಣೆ, ಹಿಂಡಿಗಳ ವಿಷಯದಲ್ಲಿ ಹತ್ತಿಗೂ ಇದೇ ತಕರಾರು ಅನ್ವಯಿಸುತ್ತದೆ.

ಬಣ್ಣದ ತೊಟ್ಟಿ

ನಾರು ನಾರಾಗುವವರೆಗಿನ ಕಥೆಯನ್ನಷ್ಟೇ ಹೇಳುವ ಅಧ್ಯಯನಗಳು ಅಂಗಿಯ ಹೊರೆಯಲ್ಲಿ ಸಣ್ಣ ಪಾಲನ್ನು ಮಾತ್ರ ಹೇಳಿದಂತಾಗುತ್ತದೆ. ಸ್ವೀಡನ್ನಿನ ಮಿಸ್ಟ್ರಾ ಫ್ಯೂಚರ್ ಫ್ಯಾಷನ್ ಸಂಶೋಧನಾ ಯೋಜನೆಯು 2019ರಲ್ಲಿ ಆ ದೇಶದ ಉಡುಪಿನ ಒಟ್ಟು ಹವಾಮಾನ ಹೊರೆಯನ್ನು ಲೆಕ್ಕ ಹಾಕಿದಾಗ ನಾರು ತಯಾರಿಕೆಯ ಪಾಲು ಐದನೇ ಒಂದಕ್ಕಿಂತ ಕಡಿಮೆಯಿತ್ತು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಹೊಲಿಯುವುದು ಸೇರಿ ಅದನ್ನು ಬಹುದೂರ ಮೀರಿಸಿದವು. ನೂಲು ತೆಳುವಾಗುವುದೊಂದೇ ನೂಲುವ ಮತ್ತು ನೇಯುವ ವಿದ್ಯುತ್ತನ್ನು ಹಲವು ಪಟ್ಟು ಏರಿಸಬಲ್ಲದೆಂದು ನತಾಶಾ ವ್ಯಾನ್ ಡೆರ್ ವೆಲ್ಡೆನ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದರು. ಒರಟು ಪಾಲಿಯೆಸ್ಟರಿಗೂ ನಯವಾದ ಹತ್ತಿಗೂ ಹೋಲಿಕೆ ನಡೆಸಿದ ಹಲವು ಅಧ್ಯಯನಗಳು ನಾರಿಗಿಂತ ನೂಲಿನ ದಪ್ಪವನ್ನೇ ಹೋಲಿಸಿರಬಹುದೆಂಬ ಅನುಮಾನಕ್ಕೆ ಇದು ಎಡೆಮಾಡಿತು.

ಬಣ್ಣ ಹಾಕುವಲ್ಲಿ ನಾರುಗಳ ಗುಣಭೇದ ಮತ್ತೆ ಮೇಲೆ ಬರುತ್ತದೆ. ಹತ್ತಿ, ವಿಸ್ಕೋಸ್, ಲಿನನ್ ಮೂರೂ ಸೆಲ್ಯುಲೋಸ್ ಆದ್ದರಿಂದ ಅವಕ್ಕೆ ಸಾಮಾನ್ಯವಾಗಿ ಬಳಸುವುದು ರಿಯಾಕ್ಟಿವ್ ಬಣ್ಣಗಳು. ನೀರಿನಲ್ಲಿ ಕರಗಿರಲು ಬಯಸುವ ಈ ಬಣ್ಣವನ್ನು ನಾರಿನತ್ತ ದೂಡಲು ಲೀಟರಿಗೆ 50ರಿಂದ 80 ಗ್ರಾಂ ಉಪ್ಪು ಬೇಕು. ಕಿಲೊ ಬಟ್ಟೆಗೆ ಹತ್ತು ಲೀಟರ್ ನೀರಿನ ತೊಟ್ಟಿಯಲ್ಲಿ ಲೀಟರಿಗೆ 60 ಗ್ರಾಂ ಹಾಕಿದರೆ 600 ಗ್ರಾಂ ಉಪ್ಪಾಯಿತು, ಅಂದರೆ 250 ಗ್ರಾಂನ ಒಂದು ಅಂಗಿಗೆ 150 ಗ್ರಾಂ. ಆ ಉಪ್ಪು ಬಟ್ಟೆಗೆ ಅಂಟದೆ, ನಾರು ಹಿಡಿಯದ ಬಣ್ಣದೊಡನೆ ಇಡಿಯಾಗಿ ಹೊರಬರುತ್ತದೆ. ಬಣ್ಣ ಕಣ್ಣಿಗೆ ಕಾಣುತ್ತದೆ, ಶುದ್ಧೀಕರಣ ಘಟಕ ಅದನ್ನು ತೆಗೆಯಬಲ್ಲದು. ಕರಗಿದ ಉಪ್ಪು ಸಾಮಾನ್ಯ ಶುದ್ಧೀಕರಣಕ್ಕೆ ಜಗ್ಗುವುದಿಲ್ಲ. ತಮಿಳುನಾಡಿನ ತಿರುಪ್ಪೂರಿನ ಡೈಯಿಂಗ್ ಘಟಕಗಳಿಂದ ಹರಿದ ಇಂಥ ನೀರು ನೊಯ್ಯಲ್ ನದಿಗೆ ಸೇರಿ, ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಜಲಾಶಯವನ್ನು ಕೃಷಿಗೆ ಒದಗದಂತೆ ಮಾಡಿತು. 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ನೂರಾರು ಘಟಕಗಳನ್ನು ಮುಚ್ಚಿಸಿತು. ಹನಿ ನೀರೂ ಹೊರಬಿಡದಂತೆ ಉಪ್ಪನ್ನು ಬೇರ್ಪಡಿಸುವ ವ್ಯವಸ್ಥೆ ಅಲ್ಲಿ ಕಡ್ಡಾಯವಾದ ಮೇಲೆ, ನೀರನ್ನು ಕಾಯಿಸಿ ಇಂಗಿಸುವ ಇಂಧನದ ಖರ್ಚು ಏರಿತು. ನದಿಯ ಹೊರೆ ಹೀಗೆ ಚಿಮಣಿಗೆ ವರ್ಗವಾಯಿತು. ಪಾಲಿಯೆಸ್ಟರಿಗೆ ಉಪ್ಪು ಬೇಡ. ಬದಲಿಗೆ ಅದರ ಬಿಗಿಯಾದ ಎಳೆಯೊಳಗೆ ಬಣ್ಣ ನುಗ್ಗಬೇಕಾದರೆ ಒತ್ತಡದಲ್ಲಿ 130 ಡಿಗ್ರಿಯ ಶಾಖ ಬೇಕು.

ಕಿಲೊ ಲೆಕ್ಕವೋ, ತೊಟ್ಟ ದಿನದ ಲೆಕ್ಕವೋ

ಇಲ್ಲಿಯವರೆಗಿನ ಚರ್ಚೆಯಲ್ಲಿ ಎರಡು ಪಂಥಗಳು ಕಾಣಿಸುತ್ತವೆ. ಕಿಲೊ ನಾರನ್ನು ಮಾನವಾಗಿಟ್ಟು ಕಾರ್ಖಾನೆಯ ಬಾಗಿಲವರೆಗೆ ಎಣಿಸುವವರು ಒಂದು ಬದಿ. ಹೊಲ, ನದಿ, ಗೋಮಾಳದ ನಿರ್ದಿಷ್ಟತೆಯಿಲ್ಲದೆ ಯಾವ ಸರಾಸರಿಗೂ ಅರ್ಥವಿಲ್ಲ ಎನ್ನುವವರು ಇನ್ನೊಂದು ಬದಿ. ಮೂರನೆಯ ಪಂಥ ಪ್ರಶ್ನೆಯನ್ನೇ ಬದಲಿಸುತ್ತದೆ: ಬಟ್ಟೆಯ ಪ್ರಯೋಜನ ತೊಡುವುದಾದ್ದರಿಂದ ಹೊರೆಯನ್ನು ತೊಟ್ಟ ಸಲಗಳಿಂದ ಭಾಗಿಸಬೇಕು. ಕೇಂಬ್ರಿಜ್ ವಿಶ್ವವಿದ್ಯಾಲಯದ 2006ರ ವರದಿ ಈ ದಿಕ್ಕಿನ ಸ್ಪಷ್ಟ ಉದಾಹರಣೆ. ಅದರ ಪ್ರಕಾರ ಹತ್ತಿ ಟೀ-ಶರ್ಟಿನ ಒಟ್ಟು ಶಕ್ತಿವೆಚ್ಚ 109 ಮೆಗಾಜೂಲ್, ವಿಸ್ಕೋಸ್ ರವಿಕೆಯದು 51. ನಾರಿನ ಹಂತದಲ್ಲಿ ಮಾತ್ರ ಹತ್ತಿಯದು 16, ವಿಸ್ಕೋಸಿನದು 33. ಹತ್ತಿ ಕೊನೆಗೆ ಇಮ್ಮಡಿಯಾದದ್ದು ಬಿಸಿನೀರಿನ ಯಂತ್ರದಲ್ಲಿ ಒಗೆದು, ಯಂತ್ರದಲ್ಲಿ ಒಣಗಿಸಿ, ಇಸ್ತ್ರಿ ಮಾಡುವ 65 ಮೆಗಾಜೂಲಿನಿಂದ.

ಈ ತೀರ್ಮಾನವನ್ನು ಹಾಗೆಯೇ ಹೊತ್ತು ತಂದರೆ ಎಡವಟ್ಟಾಗುತ್ತದೆ. ತಣ್ಣೀರಿನಲ್ಲಿ ಒಗೆದು ಬಿಸಿಲಿಗೆ ಹರವುವ ಮನೆಯಲ್ಲಿ ಆ 65 ಬಹುಪಾಲು ಕರಗಿಹೋಗುತ್ತದೆ. ಒಗೆತ, ಇಸ್ತ್ರಿಗಳ ಬಾಬತ್ತನ್ನು ಎರಡರಿಂದಲೂ ಕಳೆದರೆ ಟೀ-ಶರ್ಟೂ ರವಿಕೆಯೂ 44 ಮೆಗಾಜೂಲಿನಲ್ಲಿ ಸಮವಾಗಿ ನಿಲ್ಲುತ್ತವೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಇಸ್ತ್ರಿ ಬೇಡ ಎಂಬ ಅದರ ಪರವಾದ ವಾದವೂ ಇಂಥ ಮನೆಯಲ್ಲಿ ಬಲ ಕಳೆದುಕೊಳ್ಳುತ್ತದೆ.

ನಾಲ್ಕನೆಯ ಪಂಥ ಎಲ್ಲವನ್ನೂ ಒಂದೇ ಅಂಕವಾಗಿಸಲು ಹೊರಟದ್ದು. ಸಸ್ಟೇನಬಲ್ ಅಪ್ಯಾರಲ್ ಕೊಯಲಿಷನ್ ಎಂಬ ಉದ್ಯಮ ಒಕ್ಕೂಟದ ‘ಹಿಗ್’ ಸೂಚ್ಯಂಕವು ನಾರುಗಳಿಗೆ ಅಂಕ ಕೊಟ್ಟಾಗ ಪಾಲಿಯೆಸ್ಟರ್ ಹಲವು ನೈಸರ್ಗಿಕ ನಾರುಗಳಿಗಿಂತ ಉತ್ತಮವಾಗಿ ಕಂಡಿತು. ಸರಾಸರಿ ದತ್ತಾಂಶವನ್ನು ನಿರ್ದಿಷ್ಟ ಉಡುಪಿನ ಗುಣವೆಂದು ಗ್ರಾಹಕರಿಗೆ ತೋರಿಸುವುದು ದಾರಿತಪ್ಪಿಸುವಂಥದ್ದೆಂದು ನಾರ್ವೆಯ ಗ್ರಾಹಕ ಪ್ರಾಧಿಕಾರ 2022ರ ಜೂನ್‌ನಲ್ಲಿ ತೀರ್ಪಿತ್ತ ಬಳಿಕ ಒಕ್ಕೂಟವು ಗ್ರಾಹಕರಿಗೆ ತೋರಿಸುವ ಆ ಅಂಕಪಟ್ಟಿಯನ್ನು ತಡೆಹಿಡಿಯಿತು. ಇದಕ್ಕೂ ಮೊದಲೇ ಸ್ವೀಡನ್ನಿನ ಮಿಸ್ಟ್ರಾ ಯೋಜನೆಯ ಗುಸ್ತಾವ್ ಸಾಂಡಿನ್ ಮತ್ತು ಸಹೋದ್ಯೋಗಿಗಳು ಲಭ್ಯವಿದ್ದ ನಾರಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಸ್ಥಿರ ನಾರು ಅಥವಾ ಸುಸ್ಥಿರವಲ್ಲದ ನಾರು ಎಂಬ ಜಾತಿಗಳಿಲ್ಲ, ವ್ಯತ್ಯಾಸವಿರುವುದು ತಯಾರಕರಲ್ಲಿ ಎಂದಿದ್ದರು. ಆಸ್ಟ್ರಿಯಾದ 19 ಮತ್ತು ಏಷ್ಯಾದ 61ರ ಬೆಳಕಿನಲ್ಲಿ ನೋಡಿದರೆ ಈ ನಾಲ್ಕು ಪಂಥಗಳ ಮಾತುಗಳಿಗಿಂತ ಇದೇ ಹೆಚ್ಚು ನಂಬಲರ್ಹವೆನಿಸುತ್ತದೆ.

ಇತ್ಯರ್ಥವಾಗದೆ ಉಳಿದವು

ಮೊದಲನೆಯದು ಉದುರುವ ಎಳೆಗಳ ಪ್ರಶ್ನೆ. ಆರು ಕಿಲೊ ಪಾಲಿಯೆಸ್ಟರ್ ಬಟ್ಟೆಯ ಒಂದು ಒಗೆತದಲ್ಲಿ ಸುಮಾರು ಐದು ಲಕ್ಷ ಸೂಕ್ಷ್ಮ ಎಳೆಗಳು ಬಿಡುಗಡೆಯಾಗಬಲ್ಲವೆಂದು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ನ್ಯಾಪರ್ ಮತ್ತು ಥಾಂಪ್ಸನ್ 2016ರಲ್ಲಿ ಅಂದಾಜಿಸಿದರು. ಆದರೆ ಜಗತ್ತಿನ ಸಾಗರಗಳ ಮೇಲ್ಮೈ ನೀರನ್ನು ಸೋಸಿ ನೋಡಿದ ಜುಸೆಪ್ಪೆ ಸ್ವಾರಿಯಾ ತಂಡಕ್ಕೆ 2020ರಲ್ಲಿ ಸಿಕ್ಕ ಎಳೆಗಳಲ್ಲಿ ಕೃತಕವಾದವು ಶೇ. 8ರಷ್ಟು ಮಾತ್ರ, ಶೇ. 80ರಷ್ಟು ಹತ್ತಿ, ವಿಸ್ಕೋಸ್, ಲಿನನ್‌ಗಳಂಥ ಸೆಲ್ಯುಲೋಸಿನವು. ಬಣ್ಣ ಮತ್ತು ಲೇಪನ ಹೊತ್ತ ಸೆಲ್ಯುಲೋಸ್ ಕಡಲಿನಲ್ಲಿ ಎಷ್ಟು ಕಾಲ ಉಳಿಯುತ್ತದೆ, ಯಾವ ಎಳೆ ಜೀವಿಗಳಿಗೆ ಎಷ್ಟು ಕೆಡುಕು ಎಂಬುದಕ್ಕೆ ಒಪ್ಪಿತವಾದ ಅಳತೆಯಿಲ್ಲದ ಕಾರಣ ಜೀವನಚಕ್ರ ವಿಶ್ಲೇಷಣೆಯ ಬಹುಪಾಲು ಲೆಕ್ಕಗಳಲ್ಲಿ ಆ ಅಂಕಣ ಇನ್ನೂ ಖಾಲಿಯಾಗಿದೆ.

ಎರಡನೆಯದು ಮರದ ಇಂಗಾಲದ ಲೆಕ್ಕ. ಆಸ್ಟ್ರಿಯಾದ ವಿಸ್ಕೋಸಿನ ಇಂಗಾಲದ ಹೊರೆ ಸೊನ್ನೆಯ ಆಸುಪಾಸಿಗೆ ಇಳಿಯುವುದು ಮರ ಹೀರಿದ ಇಂಗಾಲವನ್ನು ಜಮೆಗೆ ಬರೆದದ್ದರಿಂದ. ಹಳೆಯ ಅಂಗಿ ಕೊಳೆತಾಗಲೋ ಸುಟ್ಟಾಗಲೋ ಅದೇ ಇಂಗಾಲ ಮರಳುತ್ತದೆ. ಜಮೆ ಕಾರ್ಖಾನೆಯ ಬಾಗಿಲಲ್ಲಿ ಎದ್ದು ಕಾಣುತ್ತದೆ, ಖರ್ಚು ಕಸದ ರಾಶಿಯಲ್ಲಿ ಮರೆಯಾಗುತ್ತದೆ. ಮಧ್ಯೆ ಕಳೆದ ವರ್ಷಗಳಿಗೆ ಬೆಲೆ ಕಟ್ಟಬೇಕೇ, ಕಡಿದ ಕಾಡು ಮತ್ತೆ ಬೆಳೆಯುವವರೆಗಿನ ನಷ್ಟ ಯಾರದ್ದು ಎಂಬಲ್ಲಿ ತಜ್ಞರು ಒಮ್ಮತಕ್ಕೆ ಬಂದಿಲ್ಲ.

ಮೂರನೆಯದು ಬಾಳಿಕೆ. ಒಂದು ಅಂಗಿ ಎಷ್ಟು ಸಲ ತೊಡಲ್ಪಡುತ್ತದೆ ಎಂಬುದು ಕೊನೆಯ ಭಾಜಕವಾದರೂ, ಹೆಚ್ಚಿನ ಅಧ್ಯಯನಗಳು ಅದನ್ನು ಅಳೆಯದೆ ಇಂತಿಷ್ಟು ಎಂದು ಊಹಿಸಿಕೊಳ್ಳುತ್ತವೆ. ನಾರಿನ ಬಲವನ್ನು ಪ್ರಯೋಗಾಲಯದಲ್ಲಿ ಎಳೆದು ನೋಡಬಹುದು. ಆದರೆ ಬಟ್ಟೆಯನ್ನು ಬಿಸಾಡುವುದು ಹರಿದದ್ದಕ್ಕಿಂತ ಹೆಚ್ಚಾಗಿ ಬೇಸರಕ್ಕೆ, ಅಳತೆ ತಪ್ಪಿದ್ದಕ್ಕೆ. ಅಣ್ಣನ ಅಂಗಿ ತಮ್ಮನಿಗೆ, ಆಮೇಲೆ ಕೌದಿಗೆ, ಕೊನೆಗೆ ನೆಲ ಒರೆಸುವ ಅರಿವೆಯಾಗಿ ಸಾಗುವ ಬಳಕೆಯನ್ನು ಯುರೋಪಿನ ಮನೆಗಳಿಗೆ ಹೊಂದಿಸಿದ ಮಾದರಿಗಳು ಎಣಿಕೆಗೆ ತಂದಿಲ್ಲ. ಪಾಲಿಯೆಸ್ಟರ್ ಸೀರೆಯನ್ನು ಕೌದಿಯ ಒಳಪದರವಾಗಿ ಹೊಲಿದಾಗ ಅದರ ಬಾಳಿಗೆ ಎಷ್ಟು ವರ್ಷ ಸೇರಿಸಬೇಕು, ಎಷ್ಟು ಹೊರೆ ಕಳೆಯಬೇಕು ಎಂಬುದಕ್ಕೆ ಸದ್ಯಕ್ಕೆ ಯಾವ ಮಾದರಿಯಲ್ಲಿಯೂ ಜಾಗವಿಲ್ಲ.